ಐದನೇ ತಾರೀಖಿಗೆ ಆರು ಲಾಟ್

ಪ್ರತಿ ವರ್ಷ ಜುಲೈ ಬಂತೆಂದರೆ ನನ್ನ ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ ಬಂದು ಕೂರುತ್ತವೆ. ಒಂದು ಬ್ರೋಕರ್ ಕೊಟ್ಟ ಲಾಭನಷ್ಟದ ಪಟ್ಟಿ, ಇನ್ನೊಂದು ಬ್ಯಾಂಕಿನ ಸ್ಟೇಟ್‌ಮೆಂಟ್. ದಾವಣಗೆರೆಯಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಆಪ್ಷನ್ ವ್ಯಾಪಾರ ಮಾಡುವವರ ಮನೆಯ ಈ ಎರಡು ಕಾಗದಗಳನ್ನು ಒಟ್ಟಿಗೆ ಓದುವ ಅವಕಾಶ ನನಗೆ ಸಿಗುತ್ತದೆ. ಆ ಮನೆಯ ಹೆಂಡತಿಗೆ ಸಿಗುವುದಿಲ್ಲ. ಈ ಲೇಖನ ಬರೆಯುವ ಸಿಟ್ಟು ಹುಟ್ಟಿದ್ದು ಅಲ್ಲಿಂದಲೇ.

ಸಾಲದ ದುಡ್ಡಿನಲ್ಲಿ, ಮಕ್ಕಳ ಫೀಸಿನ ದುಡ್ಡಿನಲ್ಲಿ ಎಫ್ ಅಂಡ್ ಓ ಮಾಡುತ್ತಿರುವ ಗಂಡಸರೇ, ನಿಮ್ಮನ್ನು ಕುರಿತೇ ಬರೆಯುತ್ತಿದ್ದೇನೆ. ಹೆಂಗಸರೂ ಇದ್ದಾರೆ, ಆದರೆ ನನ್ನ ಮೇಜಿಗೆ ಬರುವವರಲ್ಲಿ ಹೆಚ್ಚಿನವರು ನೀವೇ. ನಿಮಗೆ ಮಾರುಕಟ್ಟೆಯ ಭಾಷೆಯೆಲ್ಲ ಗೊತ್ತು. ನಿಮ್ಮ ಮನೆಯ ಲೆಕ್ಕ ಮಾತ್ರ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕಿಂತ, ನೋಡಲು ನಿಮಗೆ ಇಷ್ಟವಿಲ್ಲ.

ಒಬ್ಬರ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ಹೆಸರು ಬೇಡ, ಮೇಷ್ಟ್ರು ಎನ್ನೋಣ. ಖಾಸಗಿ ಕಾಲೇಜಿನಲ್ಲಿ ಪಾಠ, ತಿಂಗಳಿಗೆ 42 ಸಾವಿರ ಸಂಬಳ. ಮನೆಯಾಕೆ ಬಟ್ಟೆ ಹೊಲಿಯುತ್ತಾರೆ. ಒಬ್ಬಳೇ ಮಗಳು. 2024ರ ಜನವರಿಯಲ್ಲಿ ಮೇಷ್ಟ್ರು ಶೇ. 14ರ ಬಡ್ಡಿಗೆ 5 ಲಕ್ಷ ರೂಪಾಯಿ ವೈಯಕ್ತಿಕ ಸಾಲ ತೆಗೆದರು. 36 ಕಂತು, ತಿಂಗಳಿಗೆ 17,089 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖು. ಅರ್ಜಿಯಲ್ಲಿ ಮನೆ ರಿಪೇರಿ ಎಂದು ಬರೆದಿದ್ದರು. ದುಡ್ಡು ಅದೇ ವಾರ ಟ್ರೇಡಿಂಗ್ ಖಾತೆಗೆ ಹೋಯಿತು. ಸಂಬಳ ಮನೆ ಖರ್ಚಿಗೇ ಸರಿಹೋಗುತ್ತಿತ್ತು, ಹಾಗಾಗಿ ಕಂತನ್ನು ಟ್ರೇಡಿಂಗ್ ಖಾತೆಯಿಂದಲೇ ಕಟ್ಟುವುದೆಂದು ತೀರ್ಮಾನವಾಯಿತು. ಮಾರ್ಚಿನಲ್ಲಿ, ಮಗಳ ಕಾಲೇಜು ಫೀಸಿಗೆಂದು ಎತ್ತಿಟ್ಟಿದ್ದ 1 ಲಕ್ಷ 20 ಸಾವಿರವೂ ಹಿಂದೆಯೇ ಹೋಯಿತು. 'ಜೂನ್ ತನಕ ಸುಮ್ನೆ ಬಿದ್ದಿರೋ ದುಡ್ಡು ಸಾರ್' ಎಂದರು ನನ್ನ ಹತ್ತಿರ.

ಈ 'ಸುಮ್ನೆ ಬಿದ್ದಿರೋ ದುಡ್ಡು' ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಫೀಸಿನ ದುಡ್ಡು ಸುಮ್ಮನೆ ಬಿದ್ದಿರುವುದಿಲ್ಲ. ಫೀಸು ಕಟ್ಟುವ ಜೂನ್ 10ರಂದು ಹಾಜರಿರುವುದೇ ಅದರ ಕೆಲಸ. ಆ ಕೆಲಸವನ್ನು ಅದು ಉಳಿತಾಯ ಖಾತೆಯಲ್ಲಿ ಕೂತೇ ಮಾಡುತ್ತಿರುತ್ತದೆ. ಅಲ್ಲಿಂದ ಅದನ್ನು ಎಬ್ಬಿಸಿ ಆಪ್ಷನ್ ಮಾರ್ಜಿನ್ನಿಗೆ ಒತ್ತೆಯಿಟ್ಟ ದಿನ ನೀವು ಮಗಳ ಸೀಟನ್ನೇ ಒತ್ತೆಯಿಟ್ಟಿರುತ್ತೀರಿ.

ಮೇ ಕೊನೆಯ ಹೊತ್ತಿಗೆ ಮೇಷ್ಟ್ರು ಖುಷಿಯಲ್ಲಿದ್ದರು. ಬ್ರೋಕರ್ ಪಟ್ಟಿಯ ಪ್ರಕಾರ ನಾಲ್ಕು ತಿಂಗಳಲ್ಲಿ ಎಲ್ಲ ಖರ್ಚು ಕಳೆದು 18 ಸಾವಿರ ಲಾಭ. ಖಾತೆಯಲ್ಲಿ 5,69,644 ರೂಪಾಯಿ. ಇನ್ನೇನು ಬೇಕು? ಆದರೆ ಬ್ರೋಕರ್ ಪಟ್ಟಿಯಲ್ಲಿ ನಿಮ್ಮ ಸಾಲದ ಬಡ್ಡಿಗೆ ಜಾಗ ಇರುವುದಿಲ್ಲ. ನಿಮ್ಮ ದುಡ್ಡು ಎಲ್ಲಿಂದ ಬಂತೆಂದು ಆ ಪಟ್ಟಿ ಕೇಳುವುದೂ ಇಲ್ಲ. ಮೊದಲ ನಾಲ್ಕು ಕಂತುಗಳಲ್ಲಿ ಬಡ್ಡಿಯ ಪಾಲೇ ಸುಮಾರು 22,500. ಅಂದರೆ 18 ಸಾವಿರದ ಆ ಲಾಭ ನಿಜದಲ್ಲಿ ನಾಲ್ಕೂವರೆ ಸಾವಿರದ ನಷ್ಟ. ಇನ್ನೊಂದು ದಾರಿಯಲ್ಲಿ ಬನ್ನಿ: ಆ ದಿನ ಸಾಲದ ಅಸಲು ಇನ್ನೂ 4,54,184 ಬಾಕಿ, ಫೀಸು 1,20,000. ಎರಡೂ ಸೇರಿದರೆ 5,74,184. ಖಾತೆಯಲ್ಲಿದ್ದ ಮೊತ್ತಕ್ಕಿಂತ ಇದೇ ಹೆಚ್ಚು. ಮೊಬೈಲ್ ತೆರೆದಾಗಲೆಲ್ಲ ಐದೂಮುಕ್ಕಾಲು ಲಕ್ಷದ ಹತ್ತಿರ ಕಾಣುತ್ತಿದ್ದ ಆ ಖಾತೆಯಲ್ಲಿ ಮೇಷ್ಟ್ರದ್ದು ಎನ್ನುವ ಒಂದು ರೂಪಾಯಿಯೂ ಇರಲಿಲ್ಲ.

ಸಾಲದ ಕಂತನ್ನು ಬಂಡವಾಳದಿಂದ ಕಟ್ಟುವವರಿಗೆ ಒಂದು ಸಣ್ಣ ಗಣಿತವಿದೆ. 5 ಲಕ್ಷ ಕರಗದೆ ಉಳಿಯಬೇಕಾದರೆ ತಿಂಗಳಿಗೆ 17,089, ಅಂದರೆ ಶೇ. 3.4 ಲಾಭ ಬರಲೇಬೇಕು, ಅದೂ ತಪ್ಪದೆ 36 ತಿಂಗಳು. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬಂತೆ ಒಂದು ವರ್ಷ ಕಳೆದರೂ ಕಂತಿಗೆ 2 ಲಕ್ಷ 5 ಸಾವಿರ ಹೋಗಿ ಬಂಡವಾಳ 3 ಲಕ್ಷದ ಒಳಗೆ ಬಂದಿರುತ್ತದೆ. ಆಗ ಅದೇ ಕಂತಿಗೆ ಬೇಕಾದ ಲಾಭ ತಿಂಗಳಿಗೆ ಶೇ. 5.8. ಬಂಡವಾಳ ಕುಗ್ಗಿದಷ್ಟೂ ಬೇಡಿಕೆ ಹಿಗ್ಗುತ್ತದೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ 2021–22ರಿಂದ ಮೂರು ವರ್ಷಗಳ ಲೆಕ್ಕ ತೆಗೆದಿತ್ತು. ಎಫ್ ಅಂಡ್ ಓ ಮಾಡಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದರು. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. ಮೇಷ್ಟ್ರ ಕಂತಿಗೆ ವರ್ಷಕ್ಕೆ 2 ಲಕ್ಷ ಬೇಕಿತ್ತು. ಮೂರು ವರ್ಷದಲ್ಲಿ ನೂರಕ್ಕೊಬ್ಬರು ಮಾತ್ರ ದಾಟಿದ ಆ 1 ಲಕ್ಷದ ಎರಡರಷ್ಟನ್ನು ಇವರು ಪ್ರತಿ ವರ್ಷ ಮಾಡಬೇಕು. ಹತ್ತರಲ್ಲಿ ಒಂಬತ್ತು ಜನ ಕಳೆದುಕೊಳ್ಳುತ್ತಾರೆ ಎಂಬ ಎಚ್ಚರಿಕೆಯನ್ನು 2023ರ ಜುಲೈಯಿಂದ ಬ್ರೋಕರ್‌ಗಳು ನೀವು ಲಾಗಿನ್ ಆಗುವಾಗಲೇ ತೋರಿಸಬೇಕೆಂಬ ನಿಯಮವಿದೆ. ನೀವದನ್ನು ದಿನಾ ಬೆಳಿಗ್ಗೆ ಸೊಳ್ಳೆ ಓಡಿಸಿದ ಹಾಗೆ ಬೆರಳಿನಿಂದ ಓಡಿಸುತ್ತೀರಿ. ಒಂದೇ ಒಂದು ದಿನ ಪೂರ್ತಿ ಓದಿದ್ದೀರಾ?

ಈಗ ಜೂನ್ ಮೊದಲ ವಾರಕ್ಕೆ ಬರೋಣ. ಲೋಕಸಭೆ ಚುನಾವಣೆಯ ಫಲಿತಾಂಶ ಜೂನ್ 4ರ ಮಂಗಳವಾರ. ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು, ಸೋಮವಾರ ನಿಫ್ಟಿ 733 ಅಂಶ ಏರಿ 23,263ರಲ್ಲಿ ಮುಗಿಯಿತು. ಮೇಷ್ಟ್ರು ಆ ಮಧ್ಯಾಹ್ನ ಗುರುವಾರದ ಎಕ್ಸ್‌ಪೈರಿಯ 22,500ರ ಪುಟ್ ಮಾರಿದರು. ಪುಟ್ ಮಾರುವುದೆಂದರೆ ಸೂಚ್ಯಂಕ 22,500ರ ಕೆಳಗೆ ಇಳಿಯುವುದಿಲ್ಲ ಎಂದು ಬೇರೊಬ್ಬರಿಗೆ ವಿಮೆ ಬರೆದುಕೊಟ್ಟ ಹಾಗೆ. ಕೈಗೆ ಬರುವುದು ಸಣ್ಣ ಪ್ರೀಮಿಯಂ, ತಲೆಯ ಮೇಲೆ ಬರುವುದು ಅಪಘಾತದ ಪೂರ್ತಿ ಖರ್ಚು. ಆಗ ಒಂದು ಲಾಟ್ ಎಂದರೆ 25. ಸುಮಾರು 90 ರೂಪಾಯಿ ದರದಲ್ಲಿ ಲಾಟಿಗೆ 2,250.

ಆರು ಲಾಟ್ ಯಾಕೆ ಮಾರಿದಿರಿ ಎಂದು ಕೇಳಿದೆ. ಅವರ ಉತ್ತರವನ್ನು ಇದ್ದ ಹಾಗೆ ಬರೆಯುತ್ತೇನೆ: 'ಬುಧವಾರ ಐದನೇ ತಾರೀಖಲ್ವಾ ಸಾರ್, ಕಂತಿತ್ತು. ಎಂಟು ಲಾಟ್ ಮಾಡಿದ್ರೆ ಕಂತು ಪೂರ್ತಿ ಬರ್ತಿತ್ತು. ಮಾರ್ಜಿನ್ ಆರಕ್ಕೇ ಸಾಕಾಯ್ತು.'

ಈ ಉತ್ತರದಲ್ಲಿ ಮಾರುಕಟ್ಟೆಯ ಮಾತು ಎಲ್ಲಾದರೂ ಇದೆಯೇ? ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಲ್ಲೆ ಎಂಬ ಪ್ರಶ್ನೆಯಿಂದ ಹುಟ್ಟಬೇಕಾಗಿದ್ದ ಸಂಖ್ಯೆ ಕಂತಿನ ಮೊತ್ತದಿಂದ ಹುಟ್ಟಿತು. ಮೇಲಿನ ಮಿತಿಯನ್ನು ಹಾಕಿದ್ದೂ ಮೇಷ್ಟ್ರಲ್ಲ, ಬ್ರೋಕರ್. ಬ್ರೋಕರ್ ಬಿಟ್ಟಿದ್ದರೆ ಎಂಟು ಲಾಟ್ ಆಗಿರುತ್ತಿತ್ತು. ಸಾಲದ ದುಡ್ಡಿನ ಮೊದಲ ಕೇಡು ಬಡ್ಡಿಯಲ್ಲ, ಇದು. ಅದು ನಿಮ್ಮ ಲಾಟಿನ ಸಂಖ್ಯೆಯನ್ನು ತಾನೇ ತೀರ್ಮಾನಿಸುತ್ತದೆ. ನಿಮ್ಮ ಹಳೆಯ ಆರ್ಡರುಗಳನ್ನು ತೆರೆದು ತಾರೀಖು ನೋಡಿ. ತಿಂಗಳ 1ರಿಂದ 5ರೊಳಗೆ, ಇಲ್ಲವೆ ಬಾಡಿಗೆಯ, ಚೀಟಿಯ, ಫೀಸಿನ ಹಿಂದಿನ ದಿನಗಳಲ್ಲಿ ನಿಮ್ಮ ಲಾಟ್‌ಗಳು ದಪ್ಪಗಾಗಿದ್ದರೆ, ಟ್ರೇಡ್ ಮಾಡುತ್ತಿರುವುದು ನೀವಲ್ಲ, ನಿಮ್ಮ ಸಾಲ.

ಆ ಸೋಮವಾರ ರಾತ್ರಿ ಮೇಷ್ಟ್ರು ಮಲಗಿದ್ದು ಮೂರು ಗಂಟೆಗೆ. ಗಿಫ್ಟ್ ನಿಫ್ಟಿಯ ರಾತ್ರಿ ಪಾಳಿ 2.45ರ ತನಕ ಓಡುತ್ತದೆ. ಅದು ಮುಗಿಯುವವರೆಗೆ ಮೊಬೈಲ್ ಹೊದಿಕೆಯೊಳಗೆ. ಮತ್ತೆ ಆರೂವರೆಗೆ ಅದೇ ಗಿಫ್ಟ್ ನಿಫ್ಟಿ ಶುರುವಾಗುವ ಹೊತ್ತಿಗೆ ಎದ್ದಿದ್ದರು. ಇದನ್ನು ಅವರು ನನಗೆ ಹೇಳಿದ ಧಾಟಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಶ್ರಮಪಡುತ್ತಿದ್ದೇನೆ ಎಂಬ ಹೆಮ್ಮೆ. ಮೇಷ್ಟ್ರೆ, ರಾತ್ರಿಯಿಡೀ ಅಂಕಿ ನೋಡುತ್ತ ಕೂತರೆ ಅದು ಶ್ರಮವಲ್ಲ. ನಿಮ್ಮ ಪುಟ್ ಅನ್ನು ರಾತ್ರಿ ಎರಡು ಗಂಟೆಗೆ ಮುಚ್ಚಲು ಬರುವುದೇ ಇಲ್ಲ, ಮಾರುಕಟ್ಟೆ ತೆರೆಯುವುದು ಬೆಳಿಗ್ಗೆ 9.15ಕ್ಕೆ. ಏನೂ ಮಾಡಲಾಗದ ಹೊತ್ತಿನಲ್ಲಿ ಎಚ್ಚರವಾಗಿದ್ದು, ಮಾಡಬೇಕಾದ ಹೊತ್ತಿಗೆ ತಲೆ ಮಂಕಾಗಿಸಿಕೊಂಡಿರಿ.

ನಿದ್ದೆಗೆಟ್ಟರೆ ತಲೆ ನಿಧಾನವಾಗುತ್ತದೆ ಎಂದಷ್ಟೇ ಜನ ತಿಳಿದಿದ್ದಾರೆ. ಅದಕ್ಕಿಂತ ಕೆಟ್ಟದ್ದೊಂದು ಇದೆ. ಸಿಂಗಪುರದ ಮತ್ತು ಅಮೆರಿಕದ ಸಂಶೋಧಕರು 29 ಆರೋಗ್ಯವಂತರನ್ನು ಒಂದಿಡೀ ರಾತ್ರಿ ಎಚ್ಚರವಿರಿಸಿ, ಬೆಳಿಗ್ಗೆ ಅವರ ಮುಂದೆ ಹಣದ ಜೂಜಿನ ಆಯ್ಕೆಗಳನ್ನಿಟ್ಟರು. 2011ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ನಿದ್ದೆಗೆಟ್ಟವರು ದೊಡ್ಡ ಲಾಭದ ಕಡೆಗೆ ವಾಲಿದರು, ನಷ್ಟದ ನೋವು ಮಿದುಳಿನಲ್ಲಿ ಮೊದಲಿನಷ್ಟು ನಾಟಲಿಲ್ಲ. ಅದು ಪೂರ್ತಿ ರಾತ್ರಿಯ ಜಾಗರಣೆಯ ಪರೀಕ್ಷೆ, ಮೂರೂವರೆ ಗಂಟೆ ಮಲಗಿದವರಿಗೆ ಅಷ್ಟೇ ಆಗುತ್ತದೆ ಎನ್ನಲಾರೆ. ಆದರೆ ತಿಂಗಳುಗಟ್ಟಲೆ ಅರೆನಿದ್ದೆಯಲ್ಲಿರುವವರು ಒಮ್ಮೆ ಯೋಚಿಸಬೇಕು. ಇನ್ನೊಂದು ಅಧ್ಯಯನ ನಮ್ಮ ಪಕ್ಕದ ತಮಿಳುನಾಡಿನದು, 2013ರಲ್ಲಿ ಬಂದದ್ದು. ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಅಂದರೆ ಕೈ ಬರಿದಾಗಿ ಸಾಲ ತಲೆಯ ಮೇಲಿದ್ದಾಗ, ಬುದ್ಧಿಯ ಪರೀಕ್ಷೆ ಕೊಟ್ಟರು. ಕಟಾವಿನ ದುಡ್ಡು ಬಂದ ಮೇಲೆ ಅದೇ ರೈತರಿಗೆ ಮತ್ತೆ ಕೊಟ್ಟರು. ಮುಂಚಿನದಕ್ಕಿಂತ ಎರಡನೆಯದರಲ್ಲಿ ಒಟ್ಟಾರೆ ಚೆನ್ನಾಗಿ ಮಾಡಿದರು. ಮನುಷ್ಯರು ಅವರೇ, ದುಡ್ಡಿನ ಚಿಂತೆ ತಲೆಯಲ್ಲಿ ಹಿಡಿದಿದ್ದ ಜಾಗ ಮಾತ್ರ ತೆರವಾಗಿತ್ತು. ಒತ್ತಡದಲ್ಲೇ ತಾನು ಚೆನ್ನಾಗಿ ಆಡುವುದು ಎನ್ನುವವರು ಆ ರೈತರಿಗಿಂತ ತಾವು ಯಾವ ಬೇರೆ ಮಣ್ಣಿನಿಂದ ಆದವರೆಂದು ಹೇಳಲಿ.

ಮಂಗಳವಾರ ಎಣಿಕೆ ಸಮೀಕ್ಷೆಯ ಹಾದಿ ಬಿಟ್ಟಿತು. ನಿಫ್ಟಿ ಒಂದು ಹಂತದಲ್ಲಿ 21,281ಕ್ಕೆ ಕುಸಿದು, 21,884ರಲ್ಲಿ ಮುಗಿಯಿತು. ಒಂದೇ ದಿನ ಶೇ. 5.9 ಇಳಿತ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಸ್ಟಾಫ್ ರೂಮಿನ ಶೌಚಾಲಯದಲ್ಲಿ ನಿಂತು, ಸುಮಾರು 900 ರೂಪಾಯಿ ದರದಲ್ಲಿ ಆರೂ ಲಾಟ್ ವಾಪಸು ಕೊಂಡರು. ಒಂದು ಯೂನಿಟ್ಟಿಗೆ 810 ರೂಪಾಯಿ ನಷ್ಟ, ಆರು ಲಾಟಿನ 150ರಿಂದ ಗುಣಿಸಿದರೆ 1,21,500. ಮಗಳ ಫೀಸಿಗಿಂತ ಸಾವಿರದೈನೂರು ಹೆಚ್ಚು. ಬುಧವಾರ ಬೆಳಿಗ್ಗೆ, ಮತ್ತೊಂದು ನಿದ್ದೆಯಿಲ್ಲದ ರಾತ್ರಿಯ ಮೇಲೆ, ಹೋದದ್ದನ್ನು ಹಿಡಿದು ತರುತ್ತೇನೆಂದು ಇನ್ನೂ ಬೀಳುತ್ತದೆ ಎಂಬ ಎಣಿಕೆಯಲ್ಲಿ ಪುಟ್ ಕೊಂಡರು. ಆ ದಿನ ನಿಫ್ಟಿ 735 ಅಂಶ ಏರಿತು. ಇನ್ನೂ 38 ಸಾವಿರ ಹೋಯಿತು.

ಗುರುವಾರ, ಎಕ್ಸ್‌ಪೈರಿಯ ದಿನ, ನಿಫ್ಟಿ ಮುಗಿದದ್ದು 22,821ರಲ್ಲಿ. 22,500ಕ್ಕಿಂತ ಮೇಲೆ. ಮೇಷ್ಟ್ರು ಸೋಮವಾರ ಮಾರಿದ್ದ ಪುಟ್ ಸೊನ್ನೆಯಾಯಿತು. ಅವರ ಊಹೆ ಸರಿಯಿತ್ತು, ದುಡ್ಡು ಹೋಯಿತು.

ಇದನ್ನು ಓದಿ 'ಹಿಡ್ಕೊಂಡಿದ್ರೆ ಆಗ್ತಿತ್ತು' ಎಂದು ಯಾರಾದರೂ ಹೇಳಿದರೆ ನನಗೆ ನಿಜವಾಗಿಯೂ ಕೋಪ ಬರುತ್ತದೆ. ಹಿಡಿದುಕೊಳ್ಳಲು ಯಾವ ಕೈ ಇತ್ತು? ನಾಳೆ ಕಂತು, ಆರು ದಿನಕ್ಕೆ ಫೀಸು, ತೆರೆಯ ಮೇಲೆ ಕ್ಷಣಕ್ಷಣಕ್ಕೂ ಹೆಚ್ಚುವ ಕೆಂಪು ಅಂಕಿ, ಮಾರ್ಜಿನ್ ಸಾಲದಿದ್ದರೆ ಬ್ರೋಕರೇ ಮುಚ್ಚಿಬಿಡುತ್ತಾನೆಂಬ ಭಯ. ಮಂಗಳವಾರ ಮಧ್ಯಾಹ್ನ ಗುರುವಾರದ ಅಂಕಿ ಯಾರಿಗೂ ಗೊತ್ತಿರಲಿಲ್ಲ, ಇನ್ನೂ ಸಾವಿರ ಅಂಶ ಬೀಳಬಹುದಿತ್ತು. ಸಾಲದ ದುಡ್ಡಿಗೆ ತಾರೀಖಿದೆ, ಮಾರುಕಟ್ಟೆಗೆ ಇಲ್ಲ. ಒಂದು ಲಾಟ್ ಮಾತ್ರ ಮಾರಿದ್ದವರು, ಸ್ವಂತ ಹೆಚ್ಚುವರಿ ದುಡ್ಡಿನಲ್ಲಿ ಮಾರಿದ್ದವರು, ಆ ದಿನ ಹೇಗಿರಬೇಕೆಂದು ಕೂತು ಯೋಚಿಸಬಲ್ಲವರಾಗಿದ್ದರು. ಮೇಷ್ಟ್ರಿಗೆ ಯೋಚಿಸುವ ಹಕ್ಕು ಜನವರಿಯಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕಿದಾಗಲೇ ಹೋಗಿತ್ತು.

ಆದರೂ ನಾನು ಅವರನ್ನು ಮುಖ್ಯವಾಗಿ ಬೈದದ್ದು ಜೂನ್ 4ಕ್ಕಲ್ಲ, ಜೂನ್ 10ಕ್ಕೆ. ಆ ದಿನ ಕಂತು ಕಟ್ಟಿದ ಮೇಲೆ ಖಾತೆಯಲ್ಲಿ 3,93,055 ಇತ್ತು. ಸಾಲ ಮತ್ತು ಫೀಸು ಸೇರಿ ಕೊಡಬೇಕಾದದ್ದು 5,62,394. ಕೊರತೆ 1 ಲಕ್ಷ 70 ಸಾವಿರದ ಒಳಗೆ. ಕಹಿಯೇ, ಆದರೆ ತೀರಿಸಬಹುದಾದ ಕೊರತೆ. ಅಲ್ಲೇ ಆಟ ನಿಲ್ಲಿಸಿ ಫೀಸು ಕಟ್ಟಿ, ಉಳಿದ 2 ಲಕ್ಷ 73 ಸಾವಿರವನ್ನು ಕಂತಿಗೆಂದೇ ಬೇರೆ ಖಾತೆಯಲ್ಲಿಟ್ಟಿದ್ದರೆ ಮುಂದಿನ ಹದಿನೈದು ಕಂತು ತಾವಾಗಿಯೇ ಹೋಗುತ್ತಿದ್ದವು. ಅಷ್ಟರಲ್ಲಿ ಟ್ಯೂಷನ್ನೋ, ಮೌಲ್ಯಮಾಪನದ ಕೆಲಸವೋ ಹುಡುಕಲು ಒಂದೂಕಾಲು ವರ್ಷ ಸಿಗುತ್ತಿತ್ತು. ಅವರು ಮಾಡಿದ್ದು ಬೇರೆ. ಮದುವೆಯೊಂದಕ್ಕೆ ಹೋಗಿ ಬಂದ ಹೆಂಡತಿಯ ಎರಡು ಬಳೆಗಳನ್ನು ಲಾಕರಿಗೆ ಇಡುತ್ತೇನೆಂದು ತೆಗೆದುಕೊಂಡು ಹೋಗಿ ಅಡವಿಟ್ಟು, ಶೇ. 12ಕ್ಕೆ 1 ಲಕ್ಷ 20 ಸಾವಿರ ತಂದು ಫೀಸು ಕಟ್ಟಿದರು. ಟ್ರೇಡಿಂಗ್ ಖಾತೆಯನ್ನು ಮುಟ್ಟಲಿಲ್ಲ. 'ಕ್ಯಾಪಿಟಲ್ ಉಳಿಸ್ಕೊಂಡೆ ಸಾರ್' ಎಂದರು.

ಕ್ಯಾಪಿಟಲ್! ಸಾಲಕ್ಕೆ ಆ ಹೆಸರಿಟ್ಟ ಕ್ಷಣದಿಂದ ಅದು ಪವಿತ್ರವಾಗಿಬಿಡುತ್ತದೆ. ಬಳೆ, ಫೀಸು, ಪಿಎಫ್, ತಂಗಿಯಿಂದ ತಂದ ಕೈಸಾಲ ಎಲ್ಲವೂ ಅದನ್ನು ಕಾಯಲು ಸಾಲಾಗಿ ನಿಲ್ಲುತ್ತವೆ. 2025ರ ಮಾರ್ಚ್ ಕೊನೆಗೆ ಆ ಕ್ಯಾಪಿಟಲ್ 64 ಸಾವಿರಕ್ಕೆ ಬಂದಿತ್ತು. ಮಧ್ಯದ ಒಂಬತ್ತು ಕಂತಿಗೆ 1,53,801 ಹೋಗಿತ್ತು, ಉಳಿದ ಒಂದೂಮುಕ್ಕಾಲು ಲಕ್ಷ ಮಾರುಕಟ್ಟೆಗೆ. ಜುಲೈಯಲ್ಲಿ ಮೇಷ್ಟ್ರು ಕಾಗದ ಹಿಡಿದು ಬಂದಾಗ ಮನೆಯಾಕೆಯೂ ಜೊತೆಗೆ ಬಂದಿದ್ದರು, ಬಳೆಯ ಸಾಲದ ನೋಟಿಸು ಮನೆಗೆ ಬಂದು ಗುಟ್ಟು ರಟ್ಟಾಗಿತ್ತು. ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: 'ಅಣ್ಣಾ, ಒಟ್ಟು ಎಷ್ಟು ಕೊಡ್ಬೇಕು ಹೇಳ್ರಿ. ಹೊಲಿದಾದ್ರೂ ತೀರಿಸ್ತೀನಿ, ಎಷ್ಟು ಅಂತ ಮಾತ್ರ ಗೊತ್ತಾಗ್ಬೇಕು.' ಹದಿನೆಂಟು ತಿಂಗಳಲ್ಲಿ ಆ ಮನೆಯಲ್ಲಿ ಈ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಆಕೆ.

ಆ ದಿನ ನಾವು ಮೂವರು ಕೂತು ಮಾಡಿದ್ದನ್ನು ಹೇಳುತ್ತೇನೆ, ಬೇಕಾದವರು ಮಾಡಿಕೊಳ್ಳಿ. ಒಂದು ಹಾಳೆಯಲ್ಲಿ ಎಲ್ಲ ಸಾಲ, ಬಡ್ಡಿ ದರ, ಕಂತಿನ ತಾರೀಖು ಬರೆದೆವು. ಆಗಲೇ ಇನ್ನೊಂದು 40 ಸಾವಿರದ ಕ್ರೆಡಿಟ್ ಕಾರ್ಡ್ ಬಾಕಿ ಹೊರಬಿತ್ತು. ಕಾರ್ಡಿನ ಬಾಕಿಗೆ ತಿಂಗಳಿಗೇ ಶೇ. 3ರ ಮೇಲೆ ಬಡ್ಡಿ ಬೀಳುತ್ತದೆ, ಹಾಗಾಗಿ ಖಾತೆಯಲ್ಲಿ ಉಳಿದಿದ್ದ ದುಡ್ಡು ಮೊದಲು ಅದಕ್ಕೆ ಹೋಯಿತು. ಬಳೆಯ ಸಾಲಕ್ಕೆ ವರ್ಷದ ಬಡ್ಡಿ 14,400 ಕಟ್ಟಿ ಮುಂದೂಡಿದೆವು. ಬ್ರೋಕರ್‌ಗೆ ಬರೆದು ಎಫ್ ಅಂಡ್ ಓ ವಿಭಾಗವನ್ನೇ ನಿಷ್ಕ್ರಿಯಗೊಳಿಸಿದೆವು. ಆ್ಯಪ್ ತೆಗೆದುಹಾಕಿದರೆ ಸಾಲದು, ಹತ್ತು ನಿಮಿಷದಲ್ಲಿ ಮತ್ತೆ ಬರುತ್ತದೆ. ನಷ್ಟವನ್ನು ವ್ಯಾಪಾರದ ನಷ್ಟವೆಂದು ತೋರಿಸಿ ಗಡುವಿನೊಳಗೆ ಐಟಿಆರ್-3 ಸಲ್ಲಿಸಿದೆ. ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಸಂಬಳದ ತೆರಿಗೆಯಲ್ಲಿ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಇದನ್ನು ಹೇಳಿದಾಗ 'ಹಾಗಾದ್ರೆ ಲಾಭ ಮಾಡಿ ಹೊಂದಿಸ್ಕೋಬಹುದಲ್ಲ' ಎಂದು ಮೇಷ್ಟ್ರು ಆರಂಭಿಸಿದರು. ಮನೆಯಾಕೆ ಅವರ ಮುಖ ನೋಡಿದರು. ಅಲ್ಲಿಗೆ ಆ ಮಾತು ನಿಂತಿತು.

ಮೊಬೈಲ್ ಈಗ ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಇರುತ್ತದೆ. ಮೊದಲ ಮೂರು ವಾರ ಮೇಷ್ಟ್ರಿಗೆ ಎರಡೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತಂತೆ, ಬೆವರಿ, ಎದೆ ಹೊಡೆದುಕೊಂಡು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಡೈರಿಯಲ್ಲಿ ನಾನೇ ಬರೆದುಕೊಟ್ಟಿದ್ದೆ. ಹಗಲೂ ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಅವರು ಎರಡು ಸಲ ಕರೆ ಮಾಡಿದರು. ಸಾಲದ ನಡುವೆ ಬದುಕೇ ಬೇಡವೆನಿಸಿದವರು ಮೂರನೆಯವರಿಗೆ ಹೇಳಲು ನಾಚಿಕೆಪಟ್ಟು ಕಾಯಬೇಡಿ, ಇವತ್ತೇ ಆ ಸಂಖ್ಯೆ ಒತ್ತಿ.

ನೀವು ಇನ್ನೂ ಜೂನ್ 10ರ ಆಚೆಗೆ ಹೋಗಿಲ್ಲದಿದ್ದರೆ, ಇವತ್ತು ರಾತ್ರಿ ಊಟವಾದ ಮೇಲೆ ಆ ಒಂದು ಹಾಳೆಯನ್ನು ಬರೆದು ಮನೆಯಾಕೆಯ ಮುಂದಿಡಿ. ಮೇಷ್ಟ್ರ ಮನೆಯ ಬಳೆ ಇನ್ನೂ ಬ್ಯಾಂಕಿನಲ್ಲಿದೆ. ಅವರ ಸಾಲದ ಕೊನೆಯ ಕಂತು 2027ರ ಜನವರಿ 5ಕ್ಕೆ.